ಯಾವ ಪುಟದಲ್ಲಿದೆ? ಇಲ್ಲದಿದ್ದರೆ ಇಲ್ಲ ಎನ್ನೋಣ



ಪಿಂಪಳಗಾಂವ್ ಬಸವಂತದಲ್ಲಿ ದ್ರಾಕ್ಷಿ, ಈರುಳ್ಳಿ, ಟೊಮೆಟೊ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ಕನ್ನಡ ಮಾತಾಡುವ ಮನೆಗಳು ಕಡಿಮೆ. ಮಕ್ಕಳಿಗೆ ಶಾಲೆಯಲ್ಲಿ ಒಂದಿಷ್ಟು ಕನ್ನಡ ಕಲಿಸುವ ವ್ಯವಸ್ಥೆ ಆಗಲಿ ಎಂದು ನಾವು ಕೆಲವು ತಾಯಂದಿರು ಅರ್ಜಿ ಬರೆಯಲು ಕೂತೆವು. ಕರಡಿನಲ್ಲಿ ಒಬ್ಬ ಅಕ್ಕ ಹೀಗೆ ಬರೆದಿದ್ದರು: "ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಮಾತೃಭಾಷೆಯ ಶಿಕ್ಷಕರನ್ನು ಕೊಡಲೇಬೇಕೆಂದು ಸಂವಿಧಾನ ಹೇಳುತ್ತದೆ." ಇನ್ನೊಬ್ಬರಿಗೆ ಯಾವುದೋ ಕಚೇರಿಯಲ್ಲಿ, "ಹಿಂದಿ ರಾಷ್ಟ್ರಭಾಷೆ, ಸಂವಿಧಾನದಲ್ಲೇ ಇದೆ, ಕನ್ನಡ ಯಾಕೆ?" ಎಂದು ಕೇಳಿ ಕಳಿಸಿದ್ದರಂತೆ. ಎರಡೂ ಮಾತು ನನ್ನ ಮುಂದೆ ಬಂದವು. "ನೀನು ಕಂಪ್ಯೂಟರಿನವಳು, ಸಂವಿಧಾನ ನೋಡಿ ಹೇಳಮ್ಮ" ಅಂದರು.

ಎಂ.ಟೆಕ್ ಪ್ರಾಜೆಕ್ಟ್ ಬರೆಯುವಾಗ ನಮ್ಮ ಗೈಡ್ ಪ್ರತಿ ವಾಕ್ಯಕ್ಕೂ "ಯಾವ ಪುಟ?" ಎಂದು ಕೇಳುತ್ತಿದ್ದರು. ಆಗ ಸಿಟ್ಟು ಬರುತ್ತಿತ್ತು. ಈ ಕೆಲಸಕ್ಕೆ ಅದೇ ಅಭ್ಯಾಸ ಉಪಯೋಗಕ್ಕೆ ಬಂತು. ಅದನ್ನೇ ಇವತ್ತು ಹೇಳುತ್ತೇನೆ.

ಕೇಂದ್ರ ಕಾನೂನು ಸಚಿವಾಲಯದ ಶಾಸಕಾಂಗ ಇಲಾಖೆ ಸಂವಿಧಾನದ ಪಿಡಿಎಫ್ ಪ್ರಕಟಿಸುತ್ತದೆ. ನೂರಾರು ಪುಟಗಳ ಫೈಲು. ಮೊದಲಿಂದ ಕೊನೆಯವರೆಗೆ ಓದಿ ಉತ್ತರ ಹುಡುಕುವುದು ಆಗದ ಮಾತು. ಹುಡುಕುವ ಪೆಟ್ಟಿಗೆಯಲ್ಲಿ ಪದ ಹಾಕಿದರೆ ಆಯಿತಲ್ಲ ಅನ್ನಿಸುತ್ತದೆ. ನಾನೂ ಹಾಗೇ ಮಾಡಿ ಮೊದಲ ಸಲವೇ ಎಡವಿದೆ.

ಮಾತೃಭಾಷೆಗಾಗಿ `mother tongue` ಎಂದು ಟೈಪ್ ಮಾಡಿದೆ. ನನಗೆ ಬೇಕಿದ್ದದ್ದು ಸಿಗಲಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ, "ಸಂವಿಧಾನದಲ್ಲಿ ಮಾತೃಭಾಷಾ ಶಿಕ್ಷಣದ ಮಾತೇ ಇಲ್ಲ" ಎಂದು ಹೇಳಿಬಿಡುತ್ತಿದ್ದೆ. ವಿಷಯಸೂಚಿ ತೆರೆದಾಗ ಭಾಷೆಗಳಿಗೆ 17ನೇ ಭಾಗವೇ ಇದೆ ಎಂದು ಕಂಡಿತು, 343ರಿಂದ 351ರವರೆಗಿನ ವಿಧಿಗಳು. ಅಷ್ಟನ್ನು ಕೂತು ಓದಿದೆ. 350ಎ ವಿಧಿಯಲ್ಲಿ ಆ ಪದ ಇದೆ, ಆದರೆ `mother-tongue` ಎಂದು ನಡುವೆ ಒಂದು ಗೆರೆ ಹಾಕಿ ಬರೆದಿದ್ದಾರೆ. ಆ ಸಣ್ಣ ಗೆರೆ ಇಡೀ ವಿಧಿಯನ್ನೇ ಮುಚ್ಚಿಟ್ಟಿತ್ತು. ಅದಕ್ಕೇ ಪದ ಹುಡುಕುವುದರ ಜೊತೆಗೆ ವಿಷಯಸೂಚಿಯನ್ನೂ ನೋಡಬೇಕು. ಪದಗಳನ್ನು ನಾವು ಊಹಿಸುತ್ತೇವೆ, ಸೂಚಿಯನ್ನು ಬರೆದವರೇ ಮಾಡಿರುತ್ತಾರೆ.

ಇನ್ನೊಂದು ಪರೀಕ್ಷೆಯನ್ನು ಶುರುವಿನಲ್ಲೇ ಮಾಡಬೇಕಿತ್ತು. ಫೈಲಿನಲ್ಲಿ ಖಂಡಿತ ಇರುವ ಒಂದು ಪದವನ್ನು ಹುಡುಕಿ ನೋಡುವುದು. ಎಂಟನೇ ಅನುಸೂಚಿಯ ಭಾಷಾಪಟ್ಟಿಯಲ್ಲಿ ಕನ್ನಡ ಏಳನೆಯದು, ಆದ್ದರಿಂದ `Kannada` ಸಿಗಲೇಬೇಕು. ಸಿಗದಿದ್ದರೆ ನಿಮ್ಮ ಕೈಲಿರುವುದು ಪುಟಗಳ ಫೋಟೋ. ಕಣ್ಣಿಗೆ ಅಕ್ಷರ ಕಂಡರೂ ಕಂಪ್ಯೂಟರಿಗೆ ಅದು ಚಿತ್ರ ಮಾತ್ರ. ಅಂಥ ಫೈಲಿನಲ್ಲಿ ಏನು ಹುಡುಕಿದರೂ ಸೊನ್ನೆಯೇ ಬರುತ್ತದೆ. ಆ ಸೊನ್ನೆಯನ್ನು "ಇಲ್ಲ" ಎಂದು ಓದಬಾರದು.

ಈಗ ಅಕ್ಕನ ವಾಕ್ಯಕ್ಕೆ ಬರೋಣ. 350ಎ ಹೇಳುವುದು ಇಷ್ಟು: ಭಾಷಾ ಅಲ್ಪಸಂಖ್ಯಾತ ಗುಂಪುಗಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸಾಕಷ್ಟು ಸೌಲಭ್ಯ ಒದಗಿಸುವುದಕ್ಕೆ ಪ್ರತಿ ರಾಜ್ಯವೂ ಪ್ರತಿ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸತಕ್ಕದ್ದು. ಅಗತ್ಯ ಕಂಡರೆ ರಾಷ್ಟ್ರಪತಿಗಳು ರಾಜ್ಯಕ್ಕೆ ನಿರ್ದೇಶನ ಕೊಡಬಹುದು. 1956ರ ಏಳನೇ ತಿದ್ದುಪಡಿಯಲ್ಲಿ ಸೇರಿದ ವಿಧಿ ಇದು. ಭಾಷಾವಾರು ರಾಜ್ಯಗಳಾದ ವರ್ಷವೇ, ಗಡಿಯಾಚೆ ಉಳಿದವರ ನೆನಪೂ ಆಗಿತ್ತು ಅನ್ನಿಸಿ ನನಗೆ ಸ್ವಲ್ಪ ಸಂತೋಷವಾಯಿತು.

ಆದರೆ "10 ಮಕ್ಕಳು" ಎಂಬ ಮಾತು ಅಲ್ಲಿಲ್ಲ. "ಕೊಡಲೇಬೇಕು" ಎಂಬುದೂ ಇಲ್ಲ, "ಪ್ರಯತ್ನಿಸತಕ್ಕದ್ದು" ಎಂದಿದೆ. ಹಾಗಾದರೆ ಅಕ್ಕ ಸುಳ್ಳು ಬರೆದರೇ? ಅಲ್ಲ. ಒಂದು ತರಗತಿಗೆ 10, ಇಡೀ ಶಾಲೆಗೆ 40 ಮಕ್ಕಳು ಎಂಬ ಲೆಕ್ಕ 1949ರ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನದ ನಿರ್ಣಯದಲ್ಲಿದೆ. ಅದು ಬೇರೆ ಕಾಗದ. ಅದನ್ನು ಸಂವಿಧಾನದ ಹೆಸರಲ್ಲಿ ಬರೆದಿದ್ದರೆ, ಅರ್ಜಿ ಓದುವವರು 350ಎ ತೆರೆದು, "ಎಲ್ಲಿದೆ ತೋರಿಸಿ" ಎಂದರೆ ನಮ್ಮ ಇಡೀ ಅರ್ಜಿಯೇ ಹಗುರಾಗುತ್ತಿತ್ತು. ಸರಿಯಾಗಿದ್ದ ಬೇಡಿಕೆ ತಪ್ಪು ವಿಳಾಸದಿಂದ ಬಿದ್ದುಹೋಗುತ್ತಿತ್ತು.

ಎರಡನೆಯದು ರಾಷ್ಟ್ರಭಾಷೆ. `national language` ಹುಡುಕಿದೆ, ಇಲ್ಲ. `national-language` ಎಂದೂ ನೋಡಿದೆ, ಈ ಸಲ ಬುದ್ಧಿ ಬಂದಿತ್ತಲ್ಲ. ಆಮೇಲೆ ಬರೀ `language` ಹಾಕಿ ಬಂದ ಸಾಲುಗಳನ್ನು ಒಂದೊಂದಾಗಿ ನೋಡಿದೆ. ಒಂದು ಸಂಜೆ ಪೂರ್ತಿ ಹಿಡಿಯಿತು, ಆ ದಿನ ಮನೆಯಲ್ಲಿ ಬರೀ ಚಿತ್ರಾನ್ನ! ಹಿಂದಿಯ ಬಗ್ಗೆ ಇರುವುದು 343ನೇ ವಿಧಿ. ದೇವನಾಗರಿ ಲಿಪಿಯ ಹಿಂದಿ ಒಕ್ಕೂಟದ `official language`, ಅಂದರೆ ಆಡಳಿತ ಭಾಷೆ. 351ರಲ್ಲಿ ಹಿಂದಿಯ ಪ್ರಸಾರ ಒಕ್ಕೂಟದ ಕರ್ತವ್ಯ ಎಂದಿದೆ, ಅದನ್ನೂ ಮುಚ್ಚಿಡದೆ ಬರೆದುಕೊಂಡೆ. ರಾಷ್ಟ್ರಭಾಷೆ ಎಂದು ಯಾವ ಭಾಷೆಯನ್ನೂ ಕರೆದಿಲ್ಲ, ಕನ್ನಡವನ್ನೂ ಕರೆದಿಲ್ಲ. ಎಂಟನೇ ಅನುಸೂಚಿಯ 22 ಭಾಷೆಗಳೂ ರಾಷ್ಟ್ರಭಾಷೆಗಳು ಎಂದು ನಮ್ಮವರೇ ಕೆಲವರು ಹೇಳುತ್ತಾರೆ. ಅನುಸೂಚಿಯ ತಲೆಬರಹ ಬರೀ "ಭಾಷೆಗಳು" ಎಂದಷ್ಟೇ ಇದೆ. ನಮಗೆ ಇಷ್ಟವಾದ ಉತ್ತರಕ್ಕೂ ಪುಟ ಕೇಳಬೇಕಾಗುತ್ತದೆ.

ಆಮೇಲೆ ನನ್ನ ಟಿಪ್ಪಣಿಯಲ್ಲಿ ಹೀಗೆ ಬರೆದೆ: "ಈ ಫೈಲಿನಲ್ಲಿ, ಈ ಆವೃತ್ತಿಯಲ್ಲಿ, ಯಾವ ಭಾಷೆಯನ್ನೂ ರಾಷ್ಟ್ರಭಾಷೆ ಎಂದು ಹೇಳಿಲ್ಲ. ಹುಡುಕಿದ ಪದಗಳು ಇವು. ಓದಿದ ಭಾಗಗಳು: 17ನೇ ಭಾಗ, ಎಂಟನೇ ಅನುಸೂಚಿ. ಹತ್ತಿರದ್ದು: 343ನೇ ವಿಧಿ." ಬರೀ "ಇಲ್ಲ" ಎಂದರೆ ನಾನು ನೋಡಿಯೇ ಇಲ್ಲವೇನೋ ಅನ್ನಿಸುತ್ತದೆ. ಏನೇನು ನೋಡಿದೆ ಎಂದು ಹೇಳಿದರೆ ಇನ್ನೊಬ್ಬರು ಅದೇ ದಾರಿಯಲ್ಲಿ ಹೋಗಿ ನನ್ನ ತಪ್ಪು ಹಿಡಿಯಬಹುದು. ಇನ್ನೊಂದು ಮಾತು. "ಈ ಫೈಲಿನಲ್ಲಿ ಇಲ್ಲ" ಎನ್ನಬಹುದೇ ಹೊರತು "ಎಲ್ಲೂ ಇಲ್ಲ" ಎನ್ನುವಂತಿಲ್ಲ. 10 ಮಕ್ಕಳ ಲೆಕ್ಕ ಅದಕ್ಕೇ ಸಾಕ್ಷಿ.

ಪುಟಸಂಖ್ಯೆಯದ್ದೂ ಒಂದು ರಗಳೆ ಇದೆ. ಮುನ್ನುಡಿ, ವಿಷಯಸೂಚಿಯ ಪುಟಗಳಿಗೆ ರೋಮನ್ ಅಂಕಿ ಹಾಕಿರುತ್ತಾರೆ. ಅಂಥವು 30 ಪುಟ ಇದ್ದರೆ, ಕಾಗದದ ಮೇಲೆ 100 ಎಂದು ಅಚ್ಚಾದ ಪುಟ ಮೊಬೈಲಿನಲ್ಲಿ 130 ಎಂದು ತೋರಿಸಬಹುದು. "ನೂರನೇ ಪುಟ ನೋಡಿ" ಎಂದರೆ ಒಬ್ಬರು ಒಂದು ಕಡೆ, ಇನ್ನೊಬ್ಬರು ಇನ್ನೊಂದು ಕಡೆ. ಹೊಸ ಆವೃತ್ತಿ ಬಂದರೆ ಪುಟವೇ ಜರುಗುತ್ತದೆ. ಆದ್ದರಿಂದ ನಾನು ಆವೃತ್ತಿಯ ವರ್ಷ, ವಿಧಿಯ ಸಂಖ್ಯೆ, ಅಚ್ಚಾದ ಪುಟ, ಈ ಮೂರನ್ನೂ ಬರೆಯುತ್ತೇನೆ. ಪುಟ ತಪ್ಪಿದರೂ ವಿಧಿ ಸಿಗುತ್ತದೆ. ಇಂದು ನಿಮಗೆ ಪುಟ ಹೇಳದೆ ಬರೀ ವಿಧಿ ಹೇಳಿದ್ದೂ ಇದಕ್ಕೇ, ನಿಮ್ಮ ಮೊಬೈಲಿನಲ್ಲಿರುವುದು ಯಾವ ಆವೃತ್ತಿಯೋ!

ಅರ್ಜಿಯನ್ನು ತಿದ್ದಿದೆವು. 350ಎ ವಿಧಿಯ ಮಾತುಗಳನ್ನು ಇದ್ದಹಾಗೇ ಹಾಕಿ, 1949ರ ನಿರ್ಣಯವನ್ನು ಬೇರೆ ಸಾಲಿನಲ್ಲಿ ಅದರದ್ದೇ ಹೆಸರಿನಿಂದ ಬರೆದೆವು. ಅಕ್ಕ ಓದಿ, "ಮೊದಲಿನಷ್ಟು ಜೋರಾಗಿಲ್ಲ ಕಣೇ" ಅಂದರು. ಹೌದು, ಇಲ್ಲ. ಆಮೇಲೆ ಅವರೇ ಮೊದಲು ಸಹಿ ಹಾಕಿದರು. ಈಗ ಅವರ ಹೊಸ ಪ್ರಶ್ನೆ: ಮಹಾರಾಷ್ಟ್ರ ಸರ್ಕಾರ ಆ 10 ಮಕ್ಕಳ ಲೆಕ್ಕವನ್ನು ಈಗಿನ ಯಾವ ಆದೇಶದಲ್ಲಿ ಒಪ್ಪಿದೆ? ಅದು ಸಂವಿಧಾನದ ಫೈಲಿನಲ್ಲಿ ಸಿಗುವುದಿಲ್ಲ, ಶಿಕ್ಷಣ ಇಲಾಖೆಯ ಆದೇಶಗಳಲ್ಲಿ, ಅದೂ ಮರಾಠಿಯಲ್ಲಿ ಹುಡುಕಬೇಕು. ಮರಾಠಿ ಚೆನ್ನಾಗಿ ಓದಬಲ್ಲ ಇಬ್ಬರು ಬೇಕಾಗಿದ್ದಾರೆ. ಊಟವಾದ ಮೇಲೆ ನನ್ನ ಹತ್ತಿರ ಹೆಸರು ಕೊಡಿ.