ಮೀಟರಿನ ಮಿಣುಕು, ಪರದೆಯ ಬೆಳಕು

ಟೆಲಿವಿಷನ್ನಿಗೆ ಎಷ್ಟು ವಿದ್ಯುತ್ತು ಬೇಕೆಂಬುದನ್ನು ಅಳೆಯಲು ಮನೆಯ ಮೀಟರೇ ಸಾಕು. ಸಿದ್ಧಾರ್ಥನಗರದ ನಮ್ಮ ಮನೆಯ ಮೀಟರಿನ ಮೇಲೆ 3200 imp/kWh ಎಂದು ಬರೆದಿದೆ. ಅಲ್ಲಿನ ಕಿರುದೀಪ 3200 ಬಾರಿ ಮಿಣುಕಿದರೆ ಒಂದು ಯೂನಿಟ್ ವ್ಯಯವಾಯಿತೆಂದು ಅದರ ಅರ್ಥ.

ಒಂದು ಸಂಜೆ ಫ್ರಿಜ್, ಫ್ಯಾನು, ದೀಪಗಳನ್ನೆಲ್ಲ ತುಸು ಹೊತ್ತು ನಿಲ್ಲಿಸಿ, ಟೆಲಿವಿಷನ್ನನ್ನೂ ಅದರ ಸೆಟ್‌ಟಾಪ್ ಪೆಟ್ಟಿಗೆಯನ್ನೂ ಮಾತ್ರ ಉಳಿಸಿ ಮಿಣುಕುಗಳನ್ನು ಎಣಿಸಿದೆ. ಐದು ನಿಮಿಷಕ್ಕೆ 24, ಗಂಟೆಗೆ 288. ಅದನ್ನು 3200ರಿಂದ ಭಾಗಿಸಿದರೆ 0.09 ಯೂನಿಟ್, ಎಂದರೆ 90 ವಾಟ್. ದಿನಕ್ಕೆ ನಾಲ್ಕು ಗಂಟೆಯಂತೆ 30 ದಿನಕ್ಕೆ 10.8 ಯೂನಿಟ್.

ಉಳಿತಾಯದ ಆಸೆಯಿಂದ ಮೊದಲು ‘ಬ್ರೈಟ್‌ನೆಸ್’ ತಗ್ಗಿಸಿದೆ. ಮಿಣುಕುಗಳು ಕಡಿಮೆಯಾಗಲಿಲ್ಲ, ರಾತ್ರಿಯ ದೃಶ್ಯದಲ್ಲಿ ನಟಿಯ ಕೂದಲೂ ಹಿಂದಿನ ಗೋಡೆಯೂ ಬೆರೆತು ಒಂದೇ ಕಪ್ಪಾದವು. “ಇದೇನ್ರೀ, ಮುಖವೇ ಕಾಣೋದಿಲ್ಲವಲ್ಲ!” ಎಂದಳು ನನ್ನಾಕೆ. ನಮ್ಮದರಂಥ ಎಲ್‌ಇಡಿ ಟೆಲಿವಿಷನ್ನಿನಲ್ಲಿ ವಿದ್ಯುತ್ತಿನ ಬಹುಪಾಲು ಸಲ್ಲುವುದು ಪರದೆಯ ಹಿಂದೆ ಉರಿಯುವ ದೀಪಗಳಿಗೆ. ಅವನ್ನು ಇಳಿಸುವುದು ‘ಬ್ಯಾಕ್‌ಲೈಟ್’; ‘ಬ್ರೈಟ್‌ನೆಸ್’ ಬದಲಿಸಿದ್ದು ಚಿತ್ರದ ಕಪ್ಪನ್ನಷ್ಟೆ. ಕೆಲವು ತಯಾರಕರು ಈ ಹೆಸರುಗಳನ್ನು ಬೇರೆ ಅರ್ಥದಲ್ಲಿ ಬಳಸುವುದುಂಟು. ಆದಕಾರಣ ಹೆಸರನ್ನು ನಂಬದೆ ಮೀಟರನ್ನೂ ನಟಿಯ ಕೂದಲನ್ನೂ ನಂಬಬೇಕು.

ಬ್ರೈಟ್‌ನೆಸ್ಸನ್ನು ಮೊದಲಿನಂತಿರಿಸಿ, ಬ್ಯಾಕ್‌ಲೈಟನ್ನು ಮೆಲ್ಲಮೆಲ್ಲನೆ ಇಳಿಸಿದೆ. ಐದು ನಿಮಿಷಕ್ಕೆ 16 ಮಿಣುಕು, 60 ವಾಟ್. ಕೂದಲಿನ ಎಳೆಗಳು ಹಾಗೆಯೇ ಉಳಿದವು. ಕಿಟಕಿಯ ಬಿಸಿಲು ಬೀಳುವ ಹಗಲಿನಲ್ಲಿ ಮಾತ್ರ ಇಷ್ಟು ಬೆಳಕು ಸಾಲದು.

ಉಳಿದದ್ದು ತಿಂಗಳಿಗೆ 3.6 ಯೂನಿಟ್. ಅದಕ್ಕಿಂತ ಹೆಚ್ಚಿನ ಲಾಭಕ್ಕಾಗಿ ಮುಖಗಳನ್ನು ಕತ್ತಲೆಗೆ ತಳ್ಳುವುದಾದರೆ, ಟೆಲಿವಿಷನ್ನನ್ನು ಒಂದು ಗಂಟೆ ಮೊದಲೇ ಆರಿಸುವುದು ಲೇಸು.