ಆರು ಛಾಯಾಚಿತ್ರಗಳಿಂದ ಹತ್ತು ನಿಮಿಷದ ಮಾತು
(ಗ್ರಾಮ ಪಂಚಾಯಿತಿ ಸದಸ್ಯರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯಿತಿಯೊಂದರ ಗ್ರಂಥಾಲಯ ಮತ್ತು ಅರಿವು ಕೇಂದ್ರಕ್ಕೆ ಎಂಟನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ತಂದೆಯ ಮೊಬೈಲ್ ಹಿಡಿದು ಬಂದಳು. ವಿಜ್ಞಾನದ ‘ಬಲ ಮತ್ತು ಒತ್ತಡ’ ಅಧ್ಯಾಯದ ಕುರಿತು ತರಗತಿಯಲ್ಲಿ ಹತ್ತು ನಿಮಿಷ ಮಾತನಾಡುವಂತೆ ಶಿಕ್ಷಕರು ಆಕೆಗೆ ಸೂಚಿಸಿದ್ದರು. ಆಕೆಯ ಪುಸ್ತಕ ಮಳೆಯಲ್ಲಿ ನೆನೆದು ಹಾಳಾಗಿತ್ತು. ಕೇಂದ್ರದಲ್ಲಿದ್ದ ಒಂದೇ ಪ್ರತಿಯನ್ನು ಮನೆಗೆ ಕೊಡುವಂತಿರಲಿಲ್ಲ. ಆದ್ದರಿಂದ ಅಧ್ಯಾಯದ ಪುಟಗಳನ್ನೆಲ್ಲ ಛಾಯಾಚಿತ್ರ ತೆಗೆದುಕೊಂಡು ಹೋದಳು.

ಎರಡು ದಿನಗಳ ಬಳಿಕ ಆಕೆ ಬರೆದು ತಂದ ಮಾತು ಹನ್ನೊಂದು ಪುಟಗಳಷ್ಟಿತ್ತು. ಗ್ರಂಥಾಲಯದ ಮೇಲ್ವಿಚಾರಕಿ ಗಡಿಯಾರ ನೋಡುತ್ತ ಒಂದು ಪುಟವನ್ನು ಗಟ್ಟಿಯಾಗಿ ಓದಿಸಿದರು. ಎರಡೂವರೆ ನಿಮಿಷ ಹಿಡಿಯಿತು. ಹನ್ನೊಂದು ಪುಟಗಳೆಂದರೆ ಅರ್ಧ ಗಂಟೆಗೆ ಸಮೀಪ. ‘ಹತ್ತು ನಿಮಿಷಕ್ಕೆ ನಾಲ್ಕೇ ಪುಟ ಕಣಮ್ಮ, ಪ್ರಯೋಗ ತೋರಿಸಿದರೆ ಎರಡೂವರೆ’ ಎಂದರು ಮೇಲ್ವಿಚಾರಕಿ. ಘರ್ಷಣೆ, ಕಾಂತಬಲ, ಗುರುತ್ವ, ವಾಯುಮಂಡಲ ಎಲ್ಲವನ್ನೂ ಸೇರಿಸಿ ಸಂಕ್ಷೇಪಿಸಿದರೆ ಶೀರ್ಷಿಕೆಗಳ ಪಟ್ಟಿಯೊಂದು ಉಳಿಯುತ್ತಿತ್ತೇ ವಿನಾ ಮಾತು ಆಗುತ್ತಿರಲಿಲ್ಲ. ಒಂದೇ ಪ್ರಶ್ನೆಯನ್ನು ಆರಿಸಿಕೊಳ್ಳಬೇಕಾಯಿತು.

ಆ ಪ್ರಶ್ನೆ ಹುಡುಗಿಯ ಮನೆಯಲ್ಲಿಯೇ ಇತ್ತು. ಅವಳ ಮನೆ ದಿಣ್ಣೆಯ ಮೇಲಿದೆ. ಅಲ್ಲಿಯ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತದೆ. ಊರಿನ ಓವರ್‌ಹೆಡ್ ಟ್ಯಾಂಕ್ ಚಿಕ್ಕದು, ದೊಡ್ಡದನ್ನು ಕಟ್ಟಿಸಿದರೆ ಸರಿಹೋಗುತ್ತದೆ ಎಂಬ ಬೇಡಿಕೆ ಗ್ರಾಮಸಭೆಯಲ್ಲಿಯೂ ಬಂದಿತ್ತು. ದ್ರವಗಳ ಒತ್ತಡಕ್ಕೆ ಸಂಬಂಧಿಸಿದ ಆರು ಛಾಯಾಚಿತ್ರಗಳನ್ನು ಉಳಿಸಿಕೊಂಡು ಮಿಕ್ಕವನ್ನು ಪಕ್ಕಕ್ಕಿಡಲಾಯಿತು.

ಆ ಆರರಲ್ಲಿ ಒಂದು ಚಿತ್ರ ತೊಂದರೆ ಕೊಟ್ಟಿತು. ಪುಸ್ತಕದ ಹೊಲಿಗೆಯ ಕಡೆ ಪುಟ ಬಾಗಿ, ಸಾಲುಗಳ ತುದಿಯ ಪದಗಳು ನೆರಳಿನಲ್ಲಿ ಮುಚ್ಚಿಹೋಗಿದ್ದವು. ಕಂಡಷ್ಟನ್ನೇ ಜೋಡಿಸಿ ಹುಡುಗಿ ‘ಮೇಲ್ಮೈಯನ್ನು ತಳ್ಳುವ ಬಲವೇ ಒತ್ತಡ’ ಎಂದು ಬರೆದುಕೊಂಡಿದ್ದಳು. ಮುಚ್ಚಿಹೋದದ್ದು ‘ಪ್ರತಿ ಏಕಮಾನ ವಿಸ್ತೀರ್ಣ’ ಎಂಬ ಭಾಗ. ವಾಕ್ಯ ಓದಲು ಸರಿಯಾಗಿಯೇ ಇದ್ದುದರಿಂದ ತಪ್ಪು ಕಣ್ಣಿಗೆ ಬೀಳಲಿಲ್ಲ. ಛಾಯಾಚಿತ್ರದ ಅಪಾಯ ಇರುವುದು ಇಲ್ಲಿಯೇ. ಅದೇ ಪುಟದ ಅಭ್ಯಾಸ ಲೆಕ್ಕವನ್ನು ಮಾಡಿ ನೋಡಿದಾಗ ಉತ್ತರ ಹೊಂದಲಿಲ್ಲ, ಆಗ ಮೂಲ ಪುಸ್ತಕವನ್ನು ತೆರೆಯಲಾಯಿತು. ಬಿಟ್ಟುಹೋದ ಪದಗಳು ಅಲ್ಪವಲ್ಲ. ಒತ್ತಡವೆಂದರೆ ಒಟ್ಟು ಬಲವೇ ಆಗಿದ್ದರೆ ಹೆಚ್ಚು ನೀರು ಹಿಡಿಯುವ ಟ್ಯಾಂಕ್ ಹೆಚ್ಚು ಒತ್ತಡ ಕೊಡಬೇಕಿತ್ತು, ಗ್ರಾಮಸಭೆಯ ಬೇಡಿಕೆಯೂ ಸರಿಯಾಗಿರುತ್ತಿತ್ತು. ಬಲವನ್ನು ಅದು ಬೀಳುವ ಜಾಗಕ್ಕೆ ಹಂಚಬೇಕು. ತಲೆಯ ಮೇಲೆ ಬಿಂದಿಗೆ ಹೊರುವವರು ಸಿಂಬೆ ಇಟ್ಟುಕೊಳ್ಳುವುದು ಇದಕ್ಕಾಗಿಯೇ: ಭಾರ ಅಷ್ಟೇ ಇರುತ್ತದೆ, ಒತ್ತುವ ಜಾಗ ಹಿಗ್ಗುತ್ತದೆ, ನೋವು ಇಳಿಯುತ್ತದೆ. ಮಾತಿನ ಮೊದಲ ಮೂರು ನಿಮಿಷಕ್ಕೆ ಈ ಉದಾಹರಣೆಯೇ ಸಾಕಾಯಿತು.

ಪ್ರಯೋಗಕ್ಕೆ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನು ತೆಗೆದುಕೊಂಡರು. ನೀರು 24 ಸೆಂ.ಮೀ. ಎತ್ತರ ನಿಲ್ಲುವಂತೆ ತುಂಬಿ, ತಳದಿಂದ 4, 12 ಮತ್ತು 20 ಸೆಂ.ಮೀ. ಎತ್ತರದಲ್ಲಿ ಕಾಯಿಸಿದ ಸೂಜಿಯಿಂದ ಒಂದೇ ಅಳತೆಯ ಮೂರು ರಂಧ್ರಗಳನ್ನು ಮಾಡಿದರು. ಧಾರೆಗಳು ಒಂದಕ್ಕೊಂದು ತಾಗದಂತೆ ರಂಧ್ರಗಳು ಸ್ವಲ್ಪ ಅಕ್ಕಪಕ್ಕದಲ್ಲಿದ್ದವು. ಆಳ ಹೆಚ್ಚಾದಂತೆ ಒತ್ತಡ ಹೆಚ್ಚು, ಆದ್ದರಿಂದ ಕೆಳಗಿನ ಧಾರೆಯೇ ಅತಿ ದೂರ ಹೋಗುತ್ತದೆ ಎಂದು ಹುಡುಗಿ ಮೊದಲೇ ಬರೆದಿಟ್ಟಿದ್ದಳು. ಬಾಟಲಿಯನ್ನು ಮೇಜಿನ ಮೇಲಿಟ್ಟು ಅಂಟುಪಟ್ಟಿ ಕಿತ್ತಾಗ ಅತಿ ದೂರ ಬಿದ್ದದ್ದು ನಡುವಿನ ಧಾರೆ. ಕೆಳಗಿನದೂ ಮೇಲಿನದೂ ಹೆಚ್ಚುಕಡಿಮೆ ಒಂದೇ ಕಡೆ ಬಿದ್ದವು.

ಆಕೆ ಕಂಗೆಟ್ಟಳು. ಆದರೆ ವಿಜ್ಞಾನ ತಪ್ಪಿರಲಿಲ್ಲ, ಬಾಟಲಿಯನ್ನಿಟ್ಟ ಜಾಗ ತಪ್ಪಿತ್ತು. ಕೆಳಗಿನ ರಂಧ್ರದಿಂದ ನೀರು ಅತಿ ವೇಗವಾಗಿ ಹೊರಡುತ್ತದೆ ನಿಜ; ಆದರೆ ಮೇಜು ಕೇವಲ 4 ಸೆಂ.ಮೀ. ಕೆಳಗಿರುವುದರಿಂದ ದೂರ ಹೋಗುವಷ್ಟು ಸಮಯ ಸಿಗುವ ಮುನ್ನವೇ ಬಿದ್ದುಬಿಡುತ್ತದೆ. ಲೆಕ್ಕದ ಪ್ರಕಾರ ಮೇಲಿನ ಮತ್ತು ಕೆಳಗಿನ ಧಾರೆಗಳು ಸುಮಾರು 18 ಸೆಂ.ಮೀ., ನಡುವಿನದು 24 ಸೆಂ.ಮೀ. ಹೋಗಬೇಕು, ರಂಧ್ರದಲ್ಲಿ ಆಗುವ ನಷ್ಟದಿಂದ ವಾಸ್ತವದಲ್ಲಿ ತುಸು ಕಡಿಮೆ ಬರುತ್ತದೆ. ಅದೇ ಬಾಟಲಿಯನ್ನು 40 ಸೆಂ.ಮೀ. ಎತ್ತರದ ಸ್ಟೂಲಿನ ಅಂಚಿನಲ್ಲಿಟ್ಟು ನೀರು ನೆಲಕ್ಕೆ ಬೀಳುವಂತೆ ಮಾಡಿದರೆ ಕೆಳಗಿನ ಧಾರೆ ಸುಮಾರು 59, ನಡುವಿನದು 50, ಮೇಲಿನದು 31 ಸೆಂ.ಮೀ. ತಲುಪಬೇಕು. ಸ್ಟೂಲು ಬಂತು, ಧಾರೆಗಳು ಅದೇ ಕ್ರಮದಲ್ಲಿ ಬಿದ್ದವು. ನೀರಿನ ಮಟ್ಟ ಇಳಿಯುತ್ತಿದ್ದಂತೆ ಧಾರೆಗಳೂ ಹಿಂದೆ ಸರಿಯುವುದರಿಂದ ಒಬ್ಬರು ಮೇಲಿನಿಂದ ನೀರು ಸುರಿಯುತ್ತಲೇ ಇರಬೇಕು ಎಂಬ ಸೂಚನೆಯೂ ಬರಹಕ್ಕೆ ಸೇರಿತು. ಬಾಟಲಿಗೆ ನಾಲ್ಕು ನಿಮಿಷ ಮೀಸಲಾಯಿತು.

ಮುಂದಿನ ಎರಡು ನಿಮಿಷಗಳ ಭಾಗವನ್ನು ಆಕೆ ಬರೆದದ್ದು ಹೀಗೆ: ‘ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಒಂದು ಸೆಂಟಿಮೀಟರ್ ಎತ್ತರ ನಿಂತ ನೀರಿನ ತೂಕ ಒಂದು ಗ್ರಾಂ. ಹತ್ತು ಮೀಟರ್ ಎತ್ತರ ನಿಂತರೆ ಸಾವಿರ ಗ್ರಾಂ, ಅಂದರೆ ಒಂದು ಕಿಲೋ. ನಮ್ಮ ಟ್ಯಾಂಕಿನ ನೀರಿನ ಮಟ್ಟ ಕೆಳಗಿನ ಬೀದಿಯ ನಲ್ಲಿಗಿಂತ ಹನ್ನೆರಡು ಮೀಟರ್ ಮೇಲಿದೆ. ಅಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕಿಲೋ ಇನ್ನೂರು ಗ್ರಾಂ ಒತ್ತಡ. ನಮ್ಮ ಮನೆ ಐದು ಮೀಟರ್ ದಿಣ್ಣೆಯ ಮೇಲಿದೆ. ನಮಗೆ ಉಳಿಯುವುದು ಏಳು ನೂರು ಗ್ರಾಂ. ಟ್ಯಾಂಕನ್ನು ಎರಡರಷ್ಟು ಅಗಲ ಮಾಡಿದರೆ ನೀರು ಹೆಚ್ಚು ಹೊತ್ತು ಬರಬಹುದು, ಏಳು ನೂರು ಗ್ರಾಂ ಮಾತ್ರ ಏಳು ನೂರೇ.’

ಎತ್ತರದ ಅಂಕಿಗಳನ್ನು ಆಕೆ ಊಹಿಸಿರಲಿಲ್ಲ. ನೀರುಗಂಟಿಯ ಬಳಿ ಹೋಗಿ ‘ಚಿಕ್ಕಪ್ಪ, ಟ್ಯಾಂಕಿನ ಕಂಬ ಎಷ್ಟೆತ್ತರ ಐತೆ?’ ಎಂದು ಕೇಳಿ ತಿಳಿದಿದ್ದಳು. ದಿಣ್ಣೆಯ ಎತ್ತರವನ್ನು ನೀರು ತುಂಬಿದ ಪಾರದರ್ಶಕ ರಬ್ಬರ್ ಕೊಳವೆಯಿಂದ, ಗಾರೆ ಕೆಲಸದವರು ಮಟ್ಟ ನೋಡುವ ರೀತಿಯಲ್ಲಿ, ಹಂತ ಹಂತವಾಗಿ ಅಳೆಯಲಾಯಿತು.

ಕೊನೆಯ ನಿಮಿಷವನ್ನು ಪ್ರಶ್ನೆಗೆ ಬಿಡಲಾಗಿತ್ತು. ಸಹಪಾಠಿಯೊಬ್ಬ ಎದ್ದು, ದಿಣ್ಣೆಯ ಎತ್ತರ ಬದಲಾಗುವುದಿಲ್ಲ, ಹಾಗಿದ್ದರೆ ಕೆಲವೊಮ್ಮೆ ಅಲ್ಲಿ ನೀರು ಜೋರಾಗಿ ಬರುವುದೇಕೆ ಎಂದು ಕೇಳಿದ. ಪುಟಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ, ಏಕೆಂದರೆ ಅಲ್ಲಿರುವುದು ನಿಂತ ನೀರಿನ ಲೆಕ್ಕ. ನೀರು ಹರಿಯತೊಡಗಿದಾಗ ಪೈಪಿನ ಘರ್ಷಣೆ ಒತ್ತಡದ ಒಂದು ಪಾಲನ್ನು ನುಂಗುತ್ತದೆ. ಎಲ್ಲ ನಲ್ಲಿಗಳೂ ತೆರೆದಿರುವ ಬೆಳಿಗ್ಗೆ ಆ ಪಾಲು ದೊಡ್ಡದು. ಹುಡುಗಿ ಬೆಳಿಗ್ಗೆ ಒಂದು ಬಿಂದಿಗೆ ತುಂಬಲು ಹಿಡಿಯುವ ಸಮಯವನ್ನೂ, ಕೆಳಗಿನ ಬೀದಿಯ ನಲ್ಲಿಗಳು ಮುಚ್ಚಿದ್ದಾಗ ಹಿಡಿಯುವ ಸಮಯವನ್ನೂ ಒಂದು ವಾರ ಬರೆದಿಟ್ಟಳು. ಎರಡನೆಯದು ಮೊದಲನೆಯದರ ಅರ್ಧಕ್ಕಿಂತ ಕಡಿಮೆ ಇತ್ತು. ಎತ್ತರವೊಂದೇ ಕಾರಣವಾಗಿದ್ದರೆ ಎರಡೂ ಸಮನಾಗಿರಬೇಕಿತ್ತು. ಆ ಹಾಳೆ ಮುಂದಿನ ಸಾಮಾನ್ಯ ಸಭೆಯ ಮುಂದೆ ಬಂದಾಗ, ಹೊಸ ಟ್ಯಾಂಕಿನ ಬೇಡಿಕೆಯನ್ನು ತಡೆಹಿಡಿದು, ದಿಣ್ಣೆಗೆ ಹೋಗುವ ಪೈಪಿನ ವ್ಯಾಸವನ್ನೂ ಗೇಟ್‌ವಾಲ್ವ್ ತೆರೆಯುವ ಸರದಿಯನ್ನೂ ಪರಿಶೀಲಿಸುವಂತೆ ನೀರುಗಂಟಿಗೆ ಮತ್ತು ಕಿರಿಯ ಎಂಜಿನಿಯರರಿಗೆ ತಿಳಿಸಲಾಯಿತು.