ರೂಮ್ ಬಾಡಿಗೆಯಲ್ಲಿ ಕರಗಿದ ಉಳಿತಾಯ

ಐದು ಲಕ್ಷದ ಪಾಲಿಸಿ, ನಾಲ್ಕೂವರೆ ಲಕ್ಷದ ಬಿಲ್. ಅಂದ್ಮೇಲೆ ಕೈಯಿಂದ ಒಂದು ರೂಪಾಯಿಯೂ ಕಟ್ಟೋ ಹಾಗಿಲ್ಲ, ಅಲ್ವಾ? ಹಾಗಂತ ನಂಬಿಕೊಂಡೇ ಜನ ಆಸ್ಪತ್ರೆಗೆ ಹೋಗ್ತಾರೆ. ಡಿಸ್ಚಾರ್ಜ್ ದಿನ ಕೌಂಟರ್‌ನಲ್ಲಿ "ನೀವು ಒಂದು ಲಕ್ಷದ ಎಪ್ಪತ್ತು ಸಾವಿರ ಕಟ್ಟಬೇಕು" ಅಂದಾಗ ಕಾಲ ಕೆಳಗಿನ ನೆಲ ಕುಸಿಯುತ್ತೆ. ಇದರಲ್ಲಿ ಮೋಸವೇ ಇರಬೇಕು ಅಂತೇನಿಲ್ಲ. ಪಾಲಿಸಿಯಲ್ಲಿ ಬರೆದಿರೋ ಒಂದು ಸಾಲು ಸಾಕು.

ದಾವಣಗೆರೆಯ ನಿವೃತ್ತ ಮೇಷ್ಟ್ರೊಬ್ಬರು ಅಂತ ಇಟ್ಕೊಳ್ಳಿ. ಮಂಡಿಚಿಪ್ಪಿನ ಆಪರೇಷನ್‌ಗೆ ಬೆಂಗಳೂರಿಗೆ ಬಂದ್ರು. ಐದು ಲಕ್ಷದ ಪಾಲಿಸಿ. ಅದರಲ್ಲಿ ರೂಮ್ ಬಾಡಿಗೆಗೆ ಮಿತಿ ಇದೆ, ವಿಮಾ ಮೊತ್ತದ ಶೇಕಡಾ 1, ಅಂದ್ರೆ ದಿನಕ್ಕೆ 5,000. ಮಗ ಅಪ್ಪನಿಗೆ ಆರಾಮಾಗಿರಲಿ ಅಂತ ದಿನಕ್ಕೆ 10,000ದ ರೂಮ್ ತಗೊಂಡ. ಆರು ದಿನ ಇದ್ರು. "ಹೆಚ್ಚಂದ್ರೆ ಮೂವತ್ತು ಸಾವಿರ ನಾವು ಹಾಕ್ಕೋಬೇಕಾಗುತ್ತೆ, ಹೋಗ್ಲಿ ಬಿಡು" ಅನ್ನೋದು ಅವನ ಲೆಕ್ಕ.

ವಿಮಾ ಕಂಪನಿ ಲೆಕ್ಕವೇ ಬೇರೆ. ಅರ್ಹತೆ ಐದು ಸಾವಿರ, ತಗೊಂಡಿದ್ದು ಹತ್ತು ಸಾವಿರ. ಅಂದ್ರೆ ಅರ್ಧ. ಹಾಗಾಗಿ ಬಾಡಿಗೆ 60,000ದಲ್ಲಿ 30,000 ಮಾತ್ರ ಕೊಡ್ತು. ಸರ್ಜನ್, ಅರಿವಳಿಕೆ ವೈದ್ಯರು, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲ ಸೇರಿ 2,40,000 ಆಗಿತ್ತು. ಅದನ್ನೂ ಅರ್ಧ ಮಾಡಿ 1,20,000 ಕೊಡ್ತು. ಔಷಧಿ, ಇಂಪ್ಲಾಂಟ್, ಪರೀಕ್ಷೆಗಳ 1,50,000ದಲ್ಲಿ ಗ್ಲೌಸು, ಮಾಸ್ಕು ಇಂಥ ಸಾಮಾನಿನ 20,000 ಕಳೆದು 1,30,000 ಕೊಡ್ತು. ಒಟ್ಟು ಬಂದಿದ್ದು 2,80,000. ಮೇಷ್ಟ್ರ ಪೆನ್ಷನ್ ಉಳಿತಾಯದಿಂದ ಹೋಗಿದ್ದು 1,70,000.

ಸರ್ಜನ್ ಫೀಸಿಗೂ ಮಂಚಕ್ಕೂ ಏನ್ರೀ ಸಂಬಂಧ ಅಂತ ನೀವು ಕೇಳ್ತೀರಿ. ಸಂಬಂಧ ಇದೆ. ಎಷ್ಟೋ ಆಸ್ಪತ್ರೆಗಳಲ್ಲಿ ಅದೇ ಡಾಕ್ಟರು, ಅದೇ ಆಪರೇಷನ್‌ಗೆ ಜನರಲ್ ವಾರ್ಡ್‌ನಲ್ಲಿ ಒಂದು ರೇಟು, ಪ್ರೈವೇಟ್ ರೂಮ್‌ನಲ್ಲಿ ಇನ್ನೊಂದು ರೇಟು. ಮಿತಿ ಮೀರಿದ ರೂಮ್ ತಗೊಂಡ್ರೆ ಆ ಹೆಚ್ಚಿನ ರೇಟನ್ನ ನಾವ್ಯಾಕೆ ಕೊಡೋಣ ಅನ್ನೋದು ಕಂಪನಿ ವಾದ. ವಾದದಲ್ಲಿ ಹುರುಳಿದೆ. ಆದರೆ ಪಾಲಿಸಿ ಮಾರುವಾಗ ಇದನ್ನ ಬಿಡಿಸಿ ಹೇಳೋ ಏಜೆಂಟರು ಎಷ್ಟು ಜನ?

ಈ ಕಡಿತಕ್ಕೂ ಬೇಲಿ ಇದೆ. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದ್ರೆ ಐಆರ್‌ಡಿಎಐ, 2020ರಲ್ಲಿ ಹೇಳಿದ್ದು ಇಷ್ಟು: ಔಷಧಿ, ಇಂಪ್ಲಾಂಟ್, ಪರೀಕ್ಷೆಗಳ ಖರ್ಚಿಗೆ ಈ ಅನುಪಾತದ ಕತ್ತರಿ ಹಾಕುವಂತಿಲ್ಲ. ಐಸಿಯು ಶುಲ್ಕಕ್ಕೂ ಇಲ್ಲ. ರೂಮ್ ನೋಡಿ ರೇಟು ಬದಲಿಸದ ಆಸ್ಪತ್ರೆಯಾದರೆ ಅಲ್ಲಿಯೂ ಇಲ್ಲ. ಹಾಗಾಗಿ ಸೆಟ್ಲ್‌ಮೆಂಟ್ ಪತ್ರ ಬಂದಾಗ ಬರೀ ಮೊತ್ತ ನೋಡಬೇಡಿ, ಯಾವ ಸಾಲಿನಲ್ಲಿ ಎಷ್ಟು ಕಡಿದಿದ್ದಾರೆ ನೋಡಿ. ಮೇಷ್ಟ್ರ ಇಂಪ್ಲಾಂಟ್ ಬೆಲೆಯನ್ನೂ ಅರ್ಧ ಮಾಡಿದ್ರೆ ಅದು ತಪ್ಪು. ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಬೆಂಗಳೂರಿನ ಕಚೇರಿ ಜೆ.ಪಿ. ನಗರದಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಡ.

ಆದರೆ ತೂತನ್ನ ಮುಚ್ಚೋ ಜಾಗ ಆಸ್ಪತ್ರೆ ಅಲ್ಲ, ಮನೆ. ಪಾಲಿಸಿ ಜೊತೆ ಬರೋ ಗ್ರಾಹಕ ಮಾಹಿತಿ ಪತ್ರ ತೆಗೀರಿ, ರೂಮ್ ರೆಂಟ್ ಮತ್ತು ಸಬ್‌ಲಿಮಿಟ್ ಅನ್ನೋ ಸಾಲು ಹುಡುಕಿ. ಮಿತಿ ಇದ್ದರೆ, ಮಿತಿಯಿಲ್ಲದ ಪಾಲಿಸಿಗೆ ಪೋರ್ಟ್ ಮಾಡಿಸಬಹುದು. ನವೀಕರಣಕ್ಕೆ ಕನಿಷ್ಠ 45 ದಿನ ಮುಂಚೆ ಅರ್ಜಿ ಹಾಕಿ. ಬಿಪಿ, ಶುಗರ್‌ನಂಥ ಹಳೇ ಕಾಯಿಲೆಗೆ ನೀವು ಈಗಾಗಲೇ ಕಾದಿರೋ ವರ್ಷಗಳು ಹಳೇ ಮೊತ್ತದ ಮಟ್ಟಿಗೆ ಹೊಸ ಪಾಲಿಸಿಗೂ ಸಲ್ಲುತ್ತವೆ. ಹೊಸ ಕಂಪನಿ ಬೇಡ ಅನ್ನಲೂಬಹುದು, ವಯಸ್ಸಾದವರಿಗೆ ಹಾಗಾಗುತ್ತೆ. ಆದ್ದರಿಂದ ಒಪ್ಪಿಗೆ ಕೈಗೆ ಬರೋವರೆಗೆ ಹಳೇದನ್ನ ಬಿಡಬೇಡಿ.

ಇಲ್ಲೊಂದು ಮಾತು. "ಸೂಪರ್ ಟಾಪ್‌ಅಪ್ ಹಾಕ್ಸಿಬಿಡಿ, ಎಲ್ಲ ಸರಿಹೋಗುತ್ತೆ" ಅಂತ ಸಲಹೆ ಕೊಡೋರಿದ್ದಾರೆ. ಐದು ಲಕ್ಷ ದಾಟಿದ ಮೇಲೆ ಕೊಡೋ ಟಾಪ್‌ಅಪ್, ಮೇಷ್ಟ್ರ ನಾಲ್ಕೂವರೆ ಲಕ್ಷದ ಬಿಲ್ಲಿಗೆ ಒಂದು ಪೈಸೆಯನ್ನೂ ಕೊಡಲ್ಲ. ಅದು ದೊಡ್ಡ ಬಿಲ್ಲಿಗೆ ಛತ್ರಿ, ಈ ತೂತಿಗೆ ತೇಪೆ ಅಲ್ಲ.

ಪೋರ್ಟ್ ಆಗದೇ ಇದ್ದವರು ಅಡ್ಮಿಟ್ ಆಗುವಾಗಲೇ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿ ಕೇಳಿ: ನನ್ನ ಪಾಲಿಸಿಗೆ ದಿನಕ್ಕೆ ಎಷ್ಟು, ಆ ರೇಟಿನ ರೂಮ್ ಯಾವುದು? ಎರಡು ಮಂಚದ ರೂಮ್ ಆದರೂ ಪರವಾಗಿಲ್ಲ, ಅದನ್ನೇ ತಗೊಳ್ಳಿ. ಮೇಷ್ಟ್ರು ಆ ರೂಮ್‌ನಲ್ಲಿ ಇದ್ದಿದ್ರೆ ಕೈಯಿಂದ ಹೋಗ್ತಿದ್ದಿದ್ದು ಹೆಚ್ಚುಕಮ್ಮಿ ಗ್ಲೌಸು, ಮಾಸ್ಕಿನ ಆ 20,000 ಅಷ್ಟೇ.